ಸ್ಟಾರ್ ಹಾಕಿದ ಮೆಸೇಜು ಚಾಟ್ ಡಿಲೀಟ್ ಆದ್ರೂ ಉಳಿಯುತ್ತಾ?

ಇವತ್ತಿನ ವಿಷಯ ನನ್ನದೇ ಒಂದು ಎಡವಟ್ಟಿನಿಂದ ಶುರುವಾಗುತ್ತೆ. ಬಾಡಿಗೆ ಮನೆಗೆ ಹೋಗುವಾಗ 60,000 ರೂಪಾಯಿ ಅಡ್ವಾನ್ಸ್ ಕೊಟ್ಟಿದ್ದೆ. ‘ಹಣ ಬಂತು’ ಅಂತ ಓನರ್ ಕಳಿಸಿದ್ದ ವಾಟ್ಸ್ಆ್ಯಪ್ ಮೆಸೇಜಿಗೆ ಸ್ಟಾರ್ ಹಾಕಿಟ್ಟಿದ್ದೆ. ಎರಡು ವರ್ಷದ ಮೇಲೆ ಫೋನ್ ತುಂಬಿತು ಅಂತ ಹಳೇ ಚಾಟ್‌ಗಳನ್ನೆಲ್ಲ ಡಿಲೀಟ್ ಮಾಡಿದೆ. ಸ್ಟಾರ್ ಇದೆಯಲ್ಲ ಅನ್ನೋ ಧೈರ್ಯ. ಮನೆ ಖಾಲಿ ಮಾಡುವಾಗ ಸ್ಟಾರ್ ಪಟ್ಟಿ ತೆರೆದರೆ, ಆ ಮೆಸೇಜೇ ಇಲ್ಲ!

ಯಾಕೆ ಹೀಗಾಯ್ತು? ಸ್ಟಾರ್ ಅಂದ್ರೆ ಪುಸ್ತಕದ ಹಾಳೆಯ ಮೂಲೆ ಮಡಚಿದ ಹಾಗೆ. ಅದು ಗುರುತು ಅಷ್ಟೇ, ನಕಲು ಅಲ್ಲ. ಪುಸ್ತಕವನ್ನೇ ರದ್ದಿಗೆ ಹಾಕಿದ್ರೆ ಮಡಚಿದ ಹಾಳೆಯೂ ಹೋಯ್ತು. ಪಿನ್ ಮಾಡಿದ ಮೆಸೇಜಿನ ಕಥೆಯೂ ಇದೇ. ಪಿನ್‌ಗಂತೂ 24 ಗಂಟೆ, 7 ದಿನ ಅಥವಾ 30 ದಿನದ ಗಡುವು ಬೇರೆ ಇದೆ.

ಇಲ್ಲಿ ಎರಡು ಬಟನ್‌ಗಳ ವ್ಯತ್ಯಾಸ ತಿಳಿದಿರಬೇಕು. Clear chat ಒತ್ತಿದರೆ ಹೆಸರು ಪಟ್ಟಿಯಲ್ಲಿ ಉಳಿದು, ಒಳಗಿನ ಮಾತುಕತೆ ಖಾಲಿಯಾಗುತ್ತೆ. ಆಗ ಸ್ಟಾರ್ ಹಾಕಿದ್ದನ್ನು ಉಳಿಸಿಕೊಳ್ಳುವ ಆಯ್ಕೆ ಸಿಗುತ್ತೆ. ಅದನ್ನು ಓದಿಯೇ ಮುಂದೆ ಹೋಗಿ. Delete chat ಒತ್ತಿದರೆ ಚಾಟ್ ಜೊತೆ ಸ್ಟಾರ್ ಹಾಕಿದ್ದೂ ಹೋಗುತ್ತೆ.

ಹಾಗಾದ್ರೆ ಬೇಕಾದ ಮೆಸೇಜನ್ನು ನಮಗೆ ನಾವೇ ಫಾರ್ವರ್ಡ್ ಮಾಡಿಕೊಂಡರೆ? ಅದು ಉಳಿಯುತ್ತೆ, ಯಾಕಂದ್ರೆ ಅದು ಬೇರೆ ಚಾಟ್‌ನಲ್ಲಿ ಕೂತ ನಿಜವಾದ ನಕಲು. ಟೆಲಿಗ್ರಾಂನ ‘ಸೇವ್ಡ್ ಮೆಸೇಜಸ್’ ಕೂಡ ಹೀಗೇ ಕೆಲಸ ಮಾಡೋದು. ಮೂಲ ಚಾಟ್ ಅಳಿಸಿದರೂ ಅಲ್ಲಿಗೆ ಕಳಿಸಿಕೊಂಡದ್ದು ಇರುತ್ತೆ. ಆದ್ರೆ ವಾಟ್ಸ್ಆ್ಯಪ್‌ನಲ್ಲಿ ಫಾರ್ವರ್ಡ್ ಮಾಡಿದಾಗ ಮೂಲ ಕಳುಹಿಸಿದವರ ಹೆಸರು, ದಿನಾಂಕ ಎರಡೂ ಬರಲ್ಲ. ಅಡುಗೆ ರೆಸಿಪಿಗೆ ಸಾಕು, ಹಣದ ವ್ಯವಹಾರಕ್ಕೆ ಸಾಲದು.

ಅದಕ್ಕೆ Export chat ಬಳಸಿ. ಚಾಟ್ ತೆರೆದು, ಆಂಡ್ರಾಯ್ಡ್‌ನಲ್ಲಿ ಮೇಲಿನ ಮೂರು ಚುಕ್ಕಿ ಒತ್ತಿ, More ಒಳಗೆ ಹೋದ್ರೆ ಸಿಗುತ್ತೆ. ಯಾರು, ಯಾವತ್ತು, ಎಷ್ಟು ಗಂಟೆಗೆ ಕಳಿಸಿದ್ರು ಅನ್ನೋದರ ಸಮೇತ ಒಂದು ಟೆಕ್ಸ್ಟ್ ಫೈಲ್ ಆಗುತ್ತೆ. ಅದನ್ನು ನಿಮ್ಮ ಇಮೇಲ್‌ಗೆ ಕಳಿಸಿಕೊಳ್ಳಿ. ಆಮೇಲೆ ಫೈಲ್ ತೆರೆದು, ಬೇಕಾದ ಸಾಲು ಅದರಲ್ಲಿ ಇದೆಯಾ ನೋಡಿ. ಇದ್ದ ಮೇಲಷ್ಟೇ ಚಾಟ್ ಡಿಲೀಟ್ ಮಾಡಿ.

ಈಗಾಗಲೇ ಡಿಲೀಟ್ ಆಗಿದ್ರೆ? ಡಿಲೀಟ್ ಮಾಡುವ ಮುಂಚಿನ ಬ್ಯಾಕಪ್ ಇದ್ದರೆ ಆಸೆ ಇದೆ. ಹೊಸ ಬ್ಯಾಕಪ್ ಅದರ ಮೇಲೆ ಕೂತರೆ ಮುಗೀತು. ಹಾಗಾಗಿ ಮೊದಲು ಆಟೋ ಬ್ಯಾಕಪ್ ನಿಲ್ಲಿಸಿ. ಹಳೇ ಬ್ಯಾಕಪ್ ಹಾಕಿಕೊಂಡರೆ ಅದರ ನಂತರ ಬಂದ ಮೆಸೇಜುಗಳು ಹೋಗುತ್ತವೆ ಅನ್ನೋದೂ ನೆನಪಿರಲಿ.

ನನ್ನ ಕಥೆ ಏನಾಯ್ತು ಅಂದ್ರೆ, ನನ್ನ ಫೋನಿನ ಚಾಟ್ ಅಳಿಸಿದ್ರೂ ಓನರ್ ಫೋನಿನಲ್ಲಿ ಅದು ಹಾಗೇ ಇತ್ತು. ಹುಡುಕಿ ತೋರಿಸಿ, ದುಡ್ಡು ವಾಪಸ್ ಕೊಟ್ರು. ಅವರು ಒಳ್ಳೆಯವರಾಗಿದ್ದಕ್ಕೆ ಬಚಾವಾದೆ, ಸ್ಟಾರ್‌ನಿಂದಲ್ಲ.