ಫೈಲ್ ತೆರೆದುಕೊಂಡರೆ ಸಾಲದು, ಸಹಿಯೂ ಸರಿಯಿರಬೇಕು

ಕಂಪನಿಯೊಂದರ ನೌಕರರ ಸಂಬಳದ ಪಟ್ಟಿ ಬ್ಯಾಂಕಿಗೆ ತಲುಪುವ ಒಂದು ದಾರಿ ಎಸ್‌ಎಫ್‌ಟಿಪಿ ಸರ್ವರ್. ನಿಗದಿತ ಹೊತ್ತಿಗೆ ಕಂಪನಿ ಅಲ್ಲಿ ಫೈಲ್ ಇಡುತ್ತದೆ, ಆಮೇಲೆ ಬ್ಯಾಂಕಿನ ಪ್ರೋಗ್ರಾಂ ತಾನಾಗಿ ಓಡಿ ಅದನ್ನು ಎತ್ತಿಕೊಳ್ಳುತ್ತದೆ. ಅರ್ಧ ಬಂದ ಫೈಲನ್ನೇ ಎತ್ತಿಕೊಳ್ಳಬಾರದೆಂದು, ಮೊದಲು `.part` ಎಂದು ಕೊನೆಯಾಗುವ ಹೆಸರಿನಲ್ಲಿ ಕಳಿಸಿ, ಪೂರ್ತಿಯಾದ ಮೇಲೆ ನಿಜವಾದ ಹೆಸರು ಕೊಡುವ ರೂಢಿಯಿದೆ.

ಓಪನ್‌ಪಿಜಿಪಿ ಪದ್ಧತಿಯಲ್ಲಿ ಕಂಪನಿ ತನ್ನ ಪ್ರೈವೇಟ್ ಕೀಯಿಂದ ಸಹಿ ಹಾಕಿ, ಬ್ಯಾಂಕಿನ ಪಬ್ಲಿಕ್ ಕೀ ಬಳಸಿ ಎನ್‌ಕ್ರಿಪ್ಟ್ ಮಾಡುತ್ತದೆ. ಇವೆರಡೂ ಬೇರೆ ಬೇರೆ ಕೆಲಸಗಳು. ಪಬ್ಲಿಕ್ ಕೀ ಯಾರ ಕೈಯಲ್ಲಾದರೂ ಇರಬಹುದು. ಸರ್ವರಿನ ಪಾಸ್‌ವರ್ಡ್ ಕದ್ದವನು ಸುಳ್ಳು ಪಟ್ಟಿಯೊಂದನ್ನು ಅದರಿಂದಲೇ ಎನ್‌ಕ್ರಿಪ್ಟ್ ಮಾಡಿ ಇಟ್ಟರೆ, ಅದೂ ಸಲೀಸಾಗಿ ತೆರೆದುಕೊಳ್ಳುತ್ತದೆ. ಸಹಿಯೇ ಇಲ್ಲದ ಫೈಲನ್ನು `gpg` ತಕರಾರಿಲ್ಲದೆ ಬಿಚ್ಚಿ, ಎಲ್ಲ ಸರಿಯಿದೆ ಎಂಬರ್ಥದ 0 ಸಂಕೇತ ಕೊಟ್ಟು ಮುಗಿಸುತ್ತದೆ. ಆ 0 ಒಂದನ್ನೇ ನಂಬುವ ಪ್ರೋಗ್ರಾಂ ಮೋಸ ಹೋಗುವುದು ಖಂಡಿತ.

ಆದ್ದರಿಂದ ಸ್ಥಿತಿಯ ಸಾಲುಗಳನ್ನು ಬೇರೆಯಾಗಿ ಬರೆಸಿಕೊಳ್ಳಬೇಕು:

```
gpg --batch --status-fd 3 --output sambala.csv \
    --decrypt sambala.csv.pgp 3> status.txt
```

`status.txt`ನಲ್ಲಿ `GOODSIG` ಕಂಡರೆ ಸಹಿ ಸರಿಯಾಗಿದೆ ಎಂದರ್ಥ. ಆದರೆ ಯಾರ ಸಹಿ? ಬ್ಯಾಂಕಿನ ಕೀ ಸಂಗ್ರಹದಲ್ಲಿ ಹತ್ತಾರು ಕಂಪನಿಗಳ ಕೀಗಳಿರುತ್ತವೆ, ಒಂದು ಕಂಪನಿಯ ಫೈಲಿಗೆ ಇನ್ನೊಂದರ ಸಹಿ ಇದ್ದರೂ ಅದೇ ಸಾಲು ಬರುತ್ತದೆ. ಹಾಗಾಗಿ `VALIDSIG` ಸಾಲಿನಲ್ಲಿರುವ ಫಿಂಗರ್‌ಪ್ರಿಂಟನ್ನು ಆ ಕಂಪನಿಯದರ ಜೊತೆ ಅಕ್ಷರಕ್ಕಕ್ಷರ ಹೋಲಿಸಬೇಕು. ಅವಧಿ ಮುಗಿದ ಕೀಗೂ `VALIDSIG` ಬರುವುದರಿಂದ ಎರಡೂ ಸಾಲುಗಳು ಇರಲೇಬೇಕು. ಹೋಲಿಸುವ ಫಿಂಗರ್‌ಪ್ರಿಂಟನ್ನು ಮೊದಲೇ ಫೋನಿನಲ್ಲೋ ಮುಖಾಮುಖಿಯಾಗಿಯೋ ಖಚಿತಪಡಿಸಿಕೊಂಡಿರಬೇಕು. ಅದೇ ಸರ್ವರ್ ಮೂಲಕ ಬಂದ ಕೀಯನ್ನು ನಂಬಿದರೆ ಇಷ್ಟೆಲ್ಲ ಪರೀಕ್ಷೆಗೆ ಅರ್ಥವೇ ಇರುವುದಿಲ್ಲ.

ಬಿಚ್ಚಿದ ಸಾಲುಗಳನ್ನು ನೇರವಾಗಿ ಡೇಟಾಬೇಸಿಗೆ ಹರಿಸುವುದು ಇನ್ನೊಂದು ತಪ್ಪು. `gpg` ಬಿಚ್ಚುತ್ತಾ ಹೋದಂತೆ ಹೊರಗೆ ಕೊಡುತ್ತದೆ, ಸಹಿಯ ತೀರ್ಪು ಬರುವುದು ಕೊನೆಯಲ್ಲಿ. ಸಹಿ ಕೆಟ್ಟಿದೆ ಎಂದು ತಿಳಿಯುವಷ್ಟರಲ್ಲಿ ಸಾವಿರಾರು ಸಾಲುಗಳು ಒಳಗೆ ಸೇರಿರುತ್ತವೆ. ಮೊದಲು ಪ್ರತ್ಯೇಕ ಫೋಲ್ಡರಿನಲ್ಲಿ ಬಿಚ್ಚಿಟ್ಟು, ಪರೀಕ್ಷೆ ಗೆದ್ದರೆ ಮಾತ್ರ ಮುಂದಕ್ಕೆ ಸಾಗಿಸುವುದು ಸರಿ. ಸೋತರೆ ಬಿಚ್ಚಿದ್ದನ್ನು ಅಳಿಸಿ, ಮೂಲ ಫೈಲನ್ನು ತನಿಖೆಗೆ ಇಟ್ಟುಕೊಳ್ಳಬೇಕು.

ಸಹಿ ಹಿಡಿಯಲಾರದ ಮೋಸವೂ ಒಂದಿದೆ. ಕಳೆದ ತಿಂಗಳ ಫೈಲನ್ನೇ ಹೆಸರು ಬದಲಿಸಿ ಮತ್ತೆ ಇಟ್ಟರೆ ಅದರ ಸಹಿ ಅಸಲಿಯೇ. ಹೊರಗಿನ ಹೆಸರನ್ನು ನಂಬದೆ, ಫೈಲಿನೊಳಗಿನ ಮೊದಲ ಸಾಲಿನಲ್ಲಿರುವ ದಿನಾಂಕ ಮತ್ತು ಬ್ಯಾಚ್ ಸಂಖ್ಯೆಯನ್ನು ಈ ಹಿಂದೆ ಲೋಡ್ ಆದವುಗಳ ದಾಖಲೆಯ ಜೊತೆ ತಾಳೆ ನೋಡಿದರಷ್ಟೇ ಇದು ಸಿಕ್ಕಿಬೀಳುತ್ತದೆ.

ದಿನನಿತ್ಯ ಎದುರಾಗುವ ತೊಡಕು ಮಾತ್ರ ಕಳ್ಳರದ್ದಲ್ಲ, ಕೀಯ ಅವಧಿಯದ್ದು. ಸಂಬಳದ ಹಿಂದಿನ ರಾತ್ರಿಯೇ `EXPKEYSIG` ಎಂಬ ಸಾಲು ಬಂದು ಲೋಡ್ ನಿಂತರೆ, ಅವಸರಕ್ಕೆ ಪರೀಕ್ಷೆಯನ್ನೇ ತೆಗೆದುಹಾಕುವ ಆಸೆ ಹುಟ್ಟುತ್ತದೆ. ಅದಕ್ಕೆ ಒಪ್ಪಬಾರದು. ಕಂಪನಿ ಅದೇ ಕೀಯ ಅವಧಿ ವಿಸ್ತರಿಸಿದ್ದರೆ ಅದರ ಹೊಸ ಪ್ರತಿ ತರಿಸಿಕೊಂಡು ಅದೇ ಫೈಲನ್ನು ಮತ್ತೆ ಪರೀಕ್ಷಿಸಬಹುದು. ಬೇರೆ ಕೀಯನ್ನೇ ಮಾಡಿಕೊಂಡಿದ್ದರೆ, ಫಿಂಗರ್‌ಪ್ರಿಂಟ್ ಖಚಿತಪಡಿಸಿಕೊಂಡು ಹೊಸ ಸಹಿಯ ಫೈಲ್ ಕೇಳಬೇಕು.