ಲಿಂಕ್ ಯಾವ ಪದಕ್ಕೆ ಹಾಕಬೇಕು?

ಸಾಗರದಲ್ಲಿರುವ ನನ್ನ ಅತ್ತಿಗೆ ಮಲೆನಾಡಿನ ಅಡುಗೆಯ ಬಗ್ಗೆ ಒಂದು ವೆಬ್‌ಸೈಟ್ ನಡೆಸುತ್ತಾರೆ. ಅದರಲ್ಲಿ ಈಗ 42 ಬರಹಗಳಿವೆ. ಅವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಮಾವಿನ ಮಿಡಿ ಉಪ್ಪಿನಕಾಯಿಯ ಪುಟ. ಗೂಗಲ್‌ನಲ್ಲಿ ಯಾರಾದರೂ 'ಮಿಡಿ ಉಪ್ಪಿನಕಾಯಿ ಮಾಡುವ ವಿಧಾನ' ಎಂದು ಹುಡುಕಿದರೆ ಆ ಪುಟ ಸಿಗಬೇಕು ಅನ್ನುವುದು ಅವರ ಆಸೆ. ಸೈಟಿನ ಬೇರೆ ಬರಹಗಳಿಂದ ಈ ಪುಟಕ್ಕೆ ಲಿಂಕ್ ಕೊಟ್ಟರೆ ಒಳ್ಳೆಯದು ಎಂದು ಯಾರೋ ಹೇಳಿದರಂತೆ. ಆ ಮಾತು ಸರಿಯೇ. ಅದನ್ನು ನಂಬಿ, ತಾನಾಗಿಯೇ ಲಿಂಕ್ ಹಾಕುವ ಒಂದು ಪ್ಲಗಿನ್ ಅಳವಡಿಸಿಕೊಂಡರು. ಕಳೆದ ಬೇಸಿಗೆಯಲ್ಲಿ ಫೋನ್ ಬಂತು: "ಭರಣಿ ತೊಳೆಯೋ ಬರಹ ಒಮ್ಮೆ ತೆಗೆದು ನೋಡು ಮಾರಾಯ, ನಾನೇ ಬರೆದದ್ದು ನನಗೇ ಓದಕ್ಕಾಗ್ತಿಲ್ಲ."

ತೆಗೆದು ನೋಡಿದೆ. ಆ ಪುಟ್ಟ ಬರಹದಲ್ಲಿ 'ಮಿಡಿ ಉಪ್ಪಿನಕಾಯಿ ಮಾಡುವ ವಿಧಾನ' ಅನ್ನುವುದು ಏಳು ಕಡೆ ನೀಲಿ ಅಕ್ಷರದಲ್ಲಿ ಹೊಳೆಯುತ್ತಿತ್ತು. ಪ್ಲಗಿನ್‌ಗೆ ಕೆಲಸ ಸಿಗಲಿ ಎಂದು ಅವರೇ ಆ ನಾಲ್ಕು ಪದಗಳನ್ನು ಅಲ್ಲಲ್ಲಿ ತುರುಕಿದ್ದರು. 'ಮಿಡಿ' ಎಂಬ ಪದವನ್ನೂ ಪಟ್ಟಿಗೆ ಸೇರಿಸಿದ್ದರಿಂದ ಮಿಡಿಸೌತೆಯ ಹುಳಿಯ ಬರಹದಲ್ಲಿ 'ಮಿಡಿ' ಮಾತ್ರ ನೀಲಿಯಾಗಿ 'ಸೌತೆ' ಕಪ್ಪಾಗಿ ಉಳಿದಿತ್ತು. ಅದನ್ನು ಒತ್ತಿದವರು ಮಾವಿನ ಮಿಡಿಯ ಪುಟಕ್ಕೆ ಹೋಗುತ್ತಿದ್ದರು.

ಲಿಂಕ್ ಆಗಿ ಕಾಣುವ, ನಾವು ಒತ್ತುವ ಆ ಪದಗಳಿಗೆ ಆಂಕರ್ ಟೆಕ್ಸ್ಟ್ ಎನ್ನುತ್ತಾರೆ. ಹುಡುಕುಯಂತ್ರ ಅದನ್ನು ಲಿಂಕ್ ಇರುವ ಪುಟದ ಮಾತು ಎಂದಷ್ಟೇ ನೋಡುವುದಿಲ್ಲ, ಲಿಂಕ್ ಹೋಗಿ ಮುಟ್ಟುವ ಪುಟದ ಬಗ್ಗೆ ಹೇಳಿದ ಮಾತು ಎಂದೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಗೂಗಲ್ ಕಟ್ಟಿದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ 1998ರ ತಮ್ಮ ಪ್ರಬಂಧದಲ್ಲಿಯೇ ಇದನ್ನು ವಿವರಿಸಿದ್ದರು. ಒಂದು ಪುಟ ತನ್ನ ಬಗ್ಗೆ ಹೇಳಿಕೊಳ್ಳುವುದಕ್ಕಿಂತ ಬೇರೆಯವರು ಅದಕ್ಕೆ ಕೊಟ್ಟ ಲಿಂಕಿನ ಪದಗಳು ಎಷ್ಟೋ ಸಲ ಹೆಚ್ಚು ನಿಖರವಾಗಿರುತ್ತವೆ ಎಂಬುದು ಅವರು ಕಂಡುಕೊಂಡ ಸಂಗತಿ. ಇದರ ಬಲ ಎಷ್ಟಿತ್ತೆಂದರೆ, 2003ರಲ್ಲಿ ಬಹಳ ಜನ ಸೇರಿ 'ಹೀನಾಯ ಸೋಲು' ಎಂಬರ್ಥದ ಇಂಗ್ಲಿಷ್ ಪದಗಳಿಂದ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಅವರ ಅಧಿಕೃತ ಪರಿಚಯದ ಪುಟಕ್ಕೆ ಲಿಂಕ್ ಕೊಟ್ಟರು. ಆ ಪದಗಳನ್ನು ಹುಡುಕಿದರೆ ಅದೇ ಪುಟ ಮೊದಲು ಬರತೊಡಗಿತು. ಗೂಗಲ್ ಇದನ್ನು ತಡೆಯುವ ಬದಲಾವಣೆ ತಂದದ್ದು 2007ರಲ್ಲಿ. 2012ರ ಏಪ್ರಿಲ್‌ನಲ್ಲಿ ಬಂದ ಪೆಂಗ್ವಿನ್ ಎಂಬ ಪರಿಷ್ಕರಣೆ ಹೊರಗಿನ ಸೈಟುಗಳಿಂದ ಕೃತಕವಾಗಿ ಹಾಕಿಸಿಕೊಂಡ ಲಿಂಕುಗಳನ್ನು ಹಿಡಿಯತೊಡಗಿತು.

ನಮ್ಮದೇ ಸೈಟಿನ ಒಳಗೆ ನಾವು ಹಾಕಿಕೊಳ್ಳುವ ಲಿಂಕಿನ ಕಥೆ ಬೇರೆ. ಒಂದೇ ಪದ ನಾಲ್ಕಾರು ಬರಹಗಳಲ್ಲಿ ಮರುಕಳಿಸಿತು ಎಂದ ಮಾತ್ರಕ್ಕೆ ಸೈಟ್ ಮುಳುಗುವುದಿಲ್ಲ. ಹಾಗಾಗಿ 'ಇಷ್ಟು ಶೇಕಡಾ ನೇರ ಕೀವರ್ಡ್, ಇಷ್ಟು ಶೇಕಡಾ ಬೇರೆ ಪದ' ಎಂದು ಅಳತೆ ಹೇಳುವವರ ಮಾತು ನಂಬಬೇಡಿ. ಗೂಗಲ್ ಅಂಥ ಯಾವ ಪ್ರಮಾಣವನ್ನೂ ಪ್ರಕಟಿಸಿಲ್ಲ. ಅದು ಕೇಳುವುದಿಷ್ಟೇ: ಲಿಂಕಿನ ಪದ ಮುಂದಿನ ಪುಟವನ್ನು ವಿವರಿಸುವಂತಿರಲಿ, ಚಿಕ್ಕದಾಗಿರಲಿ, ಎರಡೂ ಪುಟಗಳಿಗೆ ಹೊಂದಲಿ, ಕೀವರ್ಡ್‌ಗಳನ್ನು ತುರುಕಿದಂತೆ ಇರದಿರಲಿ. ತುರುಕಿದ್ದು ಮೊದಲು ಕಾಣುವುದು ಓದುಗರಿಗೆ.

ಪ್ಲಗಿನ್ ತೆಗೆದುಹಾಕಿ, ಮಿಡಿ ಉಪ್ಪಿನಕಾಯಿಯ ಪುಟಕ್ಕೆ ನಿಜವಾಗಿ ಸಂಬಂಧವಿರುವ ಬರಹಗಳನ್ನು ಅತ್ತಿಗೆ ಮತ್ತು ನಾನು ಕೂತು ಆರಿಸಿದೆವು. 42ರಲ್ಲಿ ಸಿಕ್ಕಿದ್ದು ಆರು. ಪ್ರತಿಯೊಂದನ್ನೂ ಓದಿ ಒಂದೇ ಪ್ರಶ್ನೆ ಕೇಳಿಕೊಂಡೆವು: ಇಲ್ಲಿ ಓದುತ್ತಿರುವವರು ಯಾವ ಗಳಿಗೆಯಲ್ಲಿ ಉಪ್ಪಿನಕಾಯಿಯ ಪುಟಕ್ಕೆ ಹೋಗಲು ಬಯಸುತ್ತಾರೆ?

ಭರಣಿಯ ಬರಹದಲ್ಲಿ ಆ ಗಳಿಗೆ ಕೊನೆಗೆ ಬರುತ್ತದೆ. ತೊಳೆದು ಬಿಸಿಲಿಗಿಟ್ಟ ಭರಣಿ ಒಣಗಿದೆ, ಇನ್ನೇನು ಅದನ್ನು ತುಂಬಬೇಕು. ಅಲ್ಲಿ ಹೀಗೆ ಬರೆದೆವು: 'ನೀರಿನ ಪಸೆ ಪೂರ್ತಿ ಆರಿದ ಮೇಲೆ ಭರಣಿ ಮಿಡಿ ಉಪ್ಪಿನಕಾಯಿ ಹಾಕಲು ಸಿದ್ಧ.' ಇದರಲ್ಲಿ 'ಮಿಡಿ ಉಪ್ಪಿನಕಾಯಿ ಹಾಕಲು' ಎಂಬ ಮೂರು ಪದಕ್ಕೆ ಲಿಂಕ್. ಕಲ್ಲುಪ್ಪಿನ ಬರಹದಲ್ಲಿ ಮಾತು ಬೇರೆ. ಅಲ್ಲಿನ ವಿಷಯ ಉಪ್ಪು ಬಿದ್ದ ಕಾಯಿ ನೀರು ಬಿಟ್ಟು ಚಿರುಟುವುದು. ಆದ್ದರಿಂದ ಲಿಂಕ್ 'ಮಾವಿನ ಮಿಡಿಯನ್ನು ಉಪ್ಪಿಗೆ ಹಾಕುವಾಗ' ಎಂಬಲ್ಲಿ ಕೂತಿತು. ಸಾಸಿವೆ ಖಾರ ಅರೆಯುವ ಬರಹದಲ್ಲಿ 'ಮಿಡಿ ಉಪ್ಪಿನಕಾಯಿಗೆ' ಎಂದಷ್ಟೇ ಸಾಕಾಯಿತು. ನೇರ ಕೀವರ್ಡನ್ನೂ ಬಿಡಲಿಲ್ಲ. ಬೇಸಿಗೆಯ ಕೆಲಸಗಳ ಬರಹದಲ್ಲಿ 'ಮಿಡಿ ಉಪ್ಪಿನಕಾಯಿ ಮಾಡುವ ವಿಧಾನ ಬೇರೆಯೇ ಬರೆದಿದ್ದೇನೆ' ಎಂಬ ವಾಕ್ಯ ಮೊದಲಿನಿಂದಲೂ ಇತ್ತು. ಅಲ್ಲಿ ಅದು ಸಹಜವಾಗಿತ್ತು, ಹಾಗೇ ಉಳಿಸಿದೆವು.

ಬೇರೆ ಬೇರೆ ಪದ ಬರಲಿ ಎಂದು ನಾವು ಸಮಾನಾರ್ಥಕ ಪದಗಳ ಪಟ್ಟಿ ಹಿಡಿದು ಕೂರಲಿಲ್ಲ. ಪ್ರತಿ ಬರಹದ ಸಂದರ್ಭ ಬೇರೆ ಇದ್ದುದರಿಂದ ಪದವೂ ತಾನಾಗಿಯೇ ಬೇರೆಯಾಯಿತು. ಕನ್ನಡದಲ್ಲಿ ಇದು ಇನ್ನೂ ಸುಲಭ. ಉಪ್ಪಿನಕಾಯಿಗೆ, ಉಪ್ಪಿನಕಾಯಿಯನ್ನು, ಉಪ್ಪಿನಕಾಯಿಯಲ್ಲಿ ಎಂದು ವಿಭಕ್ತಿ ಹತ್ತಿದರೂ ಮೂಲ ಪದ ಅಲ್ಲೇ ಕಾಣುತ್ತಿರುತ್ತದೆ. ಒಂದು ಎಚ್ಚರ ಮಾತ್ರ ಬೇಕು: ಲಿಂಕ್ ಪ್ರತ್ಯಯವನ್ನೂ ಸೇರಿಸಿಕೊಂಡು ಇಡೀ ಪದವನ್ನು ಹಿಡಿಯಬೇಕು. ಹೀಗೆ:

```html
<a href="/midi-uppinakayi">ಮಿಡಿ ಉಪ್ಪಿನಕಾಯಿಗೆ</a>
```

ಕೊನೆಯ 'ಗೆ' ಹೊರಗೆ ಉಳಿದರೆ ಕಣ್ಣಿಗೆ ಒಡೆದ ಪದ ಕಾಣುತ್ತದೆ. ಯಂತ್ರ ಹಾಕಿದ ಲಿಂಕ್ ಎಂದು ಥಟ್ಟನೆ ಗೊತ್ತಾಗುವುದು ಇದರಿಂದಲೇ.

ಏಳು ನೀಲಿ ಸಾಲುಗಳಿಗಿಂತ ದೊಡ್ಡ ತೊಡಕು ಇನ್ನೊಂದು ಕಡೆ ಸಿಕ್ಕಿತು. ಅಪ್ಪೆಮಿಡಿಯ ತಳಿಗಳ ಬಗ್ಗೆ ಅತ್ತಿಗೆಯದೇ ಬೇರೊಂದು ಪುಟವಿದೆ. ಸೊನೆಯ ಪರಿಮಳ, ತೊಟ್ಟಿನ ಉದ್ದ, ಯಾವ ಮರದ ಕಾಯಿ ಹೆಚ್ಚು ವರ್ಷ ಕೆಡದೆ ಇರುತ್ತದೆ ಎಂದೆಲ್ಲ ಅದರಲ್ಲಿದೆ. ಕೆಲವು ಬರಹಗಳಲ್ಲಿ 'ಅಪ್ಪೆಮಿಡಿ' ಎಂಬ ಲಿಂಕ್ ಆ ಪುಟಕ್ಕೆ ಹೋಗುತ್ತಿತ್ತು, ಇನ್ನು ಕೆಲವದರಲ್ಲಿ ಅದೇ ಪದ ಉಪ್ಪಿನಕಾಯಿಯ ಪುಟಕ್ಕೆ. ಒಂದೇ ಹೆಸರಿನಿಂದ ಇಬ್ಬರನ್ನು ಕರೆದಂತೆ. ಒತ್ತಿದವರಿಗೆ ಎಲ್ಲಿಗೆ ಹೋಗುತ್ತೇವೆ ಎಂದು ಗೊತ್ತಾಗದು. 'ಅಪ್ಪೆಮಿಡಿ' ಎಂದು ಹುಡುಕಿದವರಿಗೆ ಎರಡರಲ್ಲಿ ಯಾವುದನ್ನು ತೋರಿಸಬೇಕು ಎಂಬ ಬಗ್ಗೆ ಹುಡುಕುಯಂತ್ರಕ್ಕೂ ನಾವು ಎರಡು ನಾಲಿಗೆಯಲ್ಲಿ ಹೇಳಿದಂತಾಗುತ್ತದೆ. ಬರಿಯ 'ಅಪ್ಪೆಮಿಡಿ', 'ಅಪ್ಪೆಮಿಡಿ ತಳಿ' ಇವು ತಳಿಗಳ ಪುಟಕ್ಕೆ, 'ಉಪ್ಪಿನಕಾಯಿ' ಇರುವ ಪದಗುಚ್ಛಗಳೆಲ್ಲ ಉಪ್ಪಿನಕಾಯಿಯ ಪುಟಕ್ಕೆ ಎಂದು ಹಂಚಿಬಿಟ್ಟೆವು.

ಇಂಥ ತೊಡಕು ಒಂದೊಂದೇ ಬರಹ ಓದುವಾಗ ಕಣ್ಣಿಗೆ ಬೀಳುವುದಿಲ್ಲ, ಎಲ್ಲ ಲಿಂಕುಗಳನ್ನೂ ಒಟ್ಟಿಗೆ ಹರಡಿ ನೋಡಬೇಕು. ಗೂಗಲ್ ಸರ್ಚ್ ಕನ್ಸೋಲ್ ಯಾವ ಪುಟಕ್ಕೆ ಎಷ್ಟು ಒಳಲಿಂಕುಗಳಿವೆ ಎಂದು ತೋರಿಸುತ್ತದೆ, ಆ ಒಳಲಿಂಕುಗಳ ಪದಗಳನ್ನು ತೋರಿಸುವುದಿಲ್ಲ. ನಾವು ಸ್ಕ್ರೀಮಿಂಗ್ ಫ್ರಾಗ್ ಎಂಬ ತಂತ್ರಾಂಶ ಬಳಸಿದೆವು. 500 ವಿಳಾಸಗಳವರೆಗೆ ಅದು ಉಚಿತ. ಒಂದು ಪುಟಕ್ಕೆ ಎಲ್ಲೆಲ್ಲಿಂದ, ಯಾವ ಪದದಿಂದ ಲಿಂಕ್ ಬಂದಿದೆ ಎಂದು ಸಾಲಾಗಿ ಕೊಡುತ್ತದೆ. ಆ ಪಟ್ಟಿಯಲ್ಲಿ 'ಇಲ್ಲಿ ಕ್ಲಿಕ್ ಮಾಡಿ' ಮೂರು ಸಲ, 'ಮುಂದೆ ಓದಿ' ಒಂಬತ್ತು ಸಲ ಸಿಕ್ಕವು. ಇವು ತುರುಕಿದ್ದರ ತದ್ವಿರುದ್ಧ ತಪ್ಪು, ಮುಂದಿನ ಪುಟದ ಬಗ್ಗೆ ಏನನ್ನೂ ಹೇಳುವುದಿಲ್ಲ. ಮತ್ತೆ ಎರಡು ಸಾಲುಗಳಲ್ಲಿ ಪದದ ಜಾಗ ಖಾಲಿಯಿತ್ತು. ಅವು ಭರಣಿಯ ಫೋಟೋಗಳಿಗೆ ಹಾಕಿದ ಲಿಂಕುಗಳು. ಚಿತ್ರಕ್ಕೆ ಲಿಂಕ್ ಇದ್ದರೆ ಅದರ alt ಜಾಗದಲ್ಲಿ ಬರೆದದ್ದನ್ನೇ ಗೂಗಲ್ ಆಂಕರ್ ಟೆಕ್ಸ್ಟ್ ಎಂದು ಓದುತ್ತದೆ. ಅಲ್ಲಿ ಏನು ಬರೆಯಬೇಕು ಎಂದು ಕೇಳಿದಾಗ ಅತ್ತಿಗೆ ಫೋಟೋವನ್ನು ನೋಡಿ, ಅದರಲ್ಲಿ ಏನಿದೆಯೋ ಅದನ್ನೇ ಹೇಳಿದರು: "ಭರಣಿಯಲ್ಲಿ ಉಪ್ಪು ಹಾಕಿಟ್ಟ ಮಾವಿನ ಮಿಡಿ." ಅದನ್ನೇ ಹಾಕಿದೆವು.