ಸಾವು ಕಂಡ ಮನೆಯವರ ಸಂದರ್ಶನಕ್ಕೆ ಎಥಿಕ್ಸ್ ಕಮಿಟಿ ಒಪ್ಪುವುದೇ ಇಲ್ಲವೇ?

"ಮನೆಯವರನ್ನು ಕಳೆದುಕೊಂಡವರನ್ನು ಮಾತನಾಡಿಸುವ ಅಧ್ಯಯನವೇ? ಎಥಿಕ್ಸ್ ಕಮಿಟಿ ಒಪ್ಪಲ್ಲ, ಬೇರೆ ವಿಷಯ ತಗೊಳ್ಳಿ." ಎಂ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿಗಳ ನಡುವೆ ಓಡಾಡುವ ಮಾತಿದು. ಇದಕ್ಕೆ ತದ್ವಿರುದ್ಧವಾದ ಸಲಹೆಯೂ ಇದೆ: "ಸೂಜಿ ಇಲ್ಲ, ಔಷಧಿ ಇಲ್ಲ, ಬರೀ ಮಾತು ತಾನೆ? 'ಅಪಾಯವಿಲ್ಲ' ಅಂತ ಬರೆದುಬಿಡಿ." ಎರಡೂ ತಪ್ಪು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರತಂದ ನೈತಿಕ ಮಾರ್ಗಸೂಚಿಯಲ್ಲಿ ಇಂಥ ಸಂದರ್ಶನಕ್ಕೆ ನಿಷೇಧವೇನೂ ಇಲ್ಲ. ಆದರೆ ಅಪಾಯ ಎಂದರೆ ದೇಹಕ್ಕೆ ಆಗುವ ಹಾನಿ ಮಾತ್ರ ಅಲ್ಲ, ಮನಸ್ಸಿಗೆ ಆಗುವ ನೋವೂ ಅದರಲ್ಲಿ ಸೇರುತ್ತದೆ. ಹಾಗಾಗಿ 'ಅಪಾಯವಿಲ್ಲ' ಎಂದು ಬರೆದ ಅರ್ಜಿ ಹಿಂದಿರುಗುವುದೇ ಹೆಚ್ಚು. ದುಃಖ ಉಕ್ಕಿ ಬರಬಹುದೆಂದು ಒಪ್ಪಿಕೊಂಡು, ಬಂದರೆ ಏನು ಮಾಡುತ್ತೇವೆ ಎಂದು ವಿವರಿಸಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಐಸಿಯುನಲ್ಲಿ ತೀರಿಕೊಂಡವರ ಮನೆಯವರಿಗೆ ಕೊನೆಯ ದಿನಗಳಲ್ಲಿ ನರ್ಸ್‌ಗಳಿಂದ ಏನು ಬೇಕಿತ್ತು ಎಂದು ತಿಳಿಯಲು ಒಬ್ಬ ವಿದ್ಯಾರ್ಥಿನಿ 12 ಜನರ ಸಂದರ್ಶನ ಮಾಡಬೇಕೆಂದಿದ್ದಾರೆ ಎಂದಿಟ್ಟುಕೊಳ್ಳಿ.

ಮೊದಲ ಫೋನ್ ಯಾರದು?

ಅರ್ಜಿ ಹೆಚ್ಚಾಗಿ ಎಡವುವುದು ಇಲ್ಲಿ. "ಆಸ್ಪತ್ರೆಯ ದಾಖಲೆಯಿಂದ ನಂಬರ್ ತೆಗೆದು ನಾನೇ ಕರೆ ಮಾಡುತ್ತೇನೆ" ಎಂದು ಅವರು ಬರೆದರೆ ಎರಡು ತೊಂದರೆ. ಆ ನಂಬರ್ ಕೊಟ್ಟಿದ್ದು ಚಿಕಿತ್ಸೆಗಾಗಿ, ಸಂಶೋಧನೆಗಾಗಿ ಅಲ್ಲ. ಜೊತೆಗೆ, ರೋಗಿಯನ್ನು ನೋಡಿಕೊಂಡ ನರ್ಸ್ ಅವರೇ ಆಗಿದ್ದರೆ, ಮನೆಯವರು ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಹೂಂ ಎನ್ನುತ್ತಾರೆ. ಅದು ಒಪ್ಪಿಗೆಯಲ್ಲ.

ಹೀಗೆ ಬರೆದರೆ ಉತ್ತಮ: ಅಧ್ಯಯನದಲ್ಲಿ ಪಾಲಿಲ್ಲದ ಆಸ್ಪತ್ರೆ ಸಿಬ್ಬಂದಿಯೊಬ್ಬರು ಕನ್ನಡದ ಮಾಹಿತಿ ಪತ್ರ ಕಳಿಸುತ್ತಾರೆ. ಆಸಕ್ತಿ ಇದ್ದವರು ತಾವಾಗಿ ತಿಳಿಸಿದರೆ ಮಾತ್ರ ಅವರ ನಂಬರ್ ವಿದ್ಯಾರ್ಥಿನಿಗೆ ಸಿಗುತ್ತದೆ. ಉತ್ತರ ಬರದಿದ್ದರೆ ಅದನ್ನು 'ಬೇಡ' ಎಂದೇ ತಿಳಿದು ಬೆನ್ನು ಹತ್ತುವುದಿಲ್ಲ.

ಯಾವಾಗ ಕೇಳಬೇಕು?

ಇಷ್ಟೇ ದಿನ ಎಂಬ ಒಂದೇ ನಿಯಮವಿಲ್ಲ. ತೀರಾ ಬೇಗ ಹೋದರೆ ಮನೆಯವರು ಇನ್ನೂ ಆಘಾತದಲ್ಲಿರುತ್ತಾರೆ, ತೀರಾ ತಡವಾದರೆ ವಿವರಗಳು ಮಸುಕಾಗುತ್ತವೆ. ನಮ್ಮ ಉದಾಹರಣೆಯಲ್ಲಿ ಸಾವಿನ ನಂತರ 3ರಿಂದ 12 ತಿಂಗಳು ಎಂದಿಟ್ಟುಕೊಂಡು, ಹಾಗೇಕೆ ಎಂಬ ಕಾರಣವನ್ನೂ ಬರೆಯಬೇಕು. ವರ್ಷಾಬ್ದಿಕ, ತೀರಿಕೊಂಡವರ ಹುಟ್ಟುಹಬ್ಬದ ಆಸುಪಾಸಿನ ದಿನಗಳನ್ನು ಬಿಡುತ್ತೇವೆ ಎಂದು ಸೇರಿಸಿದರೆ, ಅರ್ಜಿದಾರರು ಮನೆಯವರ ಕಡೆಯಿಂದ ಯೋಚಿಸಿದ್ದಾರೆಂದು ಕಮಿಟಿಗೆ ಗೊತ್ತಾಗುತ್ತದೆ.

ಅತ್ತರೆ ಏನು ಮಾಡುವುದು?

ಅಳು ಬಂದ ಮಾತ್ರಕ್ಕೆ ಹಾನಿಯಾಯಿತು ಎಂದಲ್ಲ. ಹೇಳಿಕೊಂಡು ಹಗುರಾಯಿತು ಎನ್ನುವವರೂ ಅನೇಕರು. ಆದರೆ "ಅಗತ್ಯವಿದ್ದರೆ ಕೌನ್ಸೆಲಿಂಗ್ ಕೊಡಿಸುತ್ತೇವೆ" ಎಂಬ ಒಂದು ಸಾಲು ಸಾಲದು. ಹಂತಗಳು ಬೇಕು: ರೆಕಾರ್ಡಿಂಗ್ ನಿಲ್ಲಿಸುವುದು, ಸುಮ್ಮನೆ ಜೊತೆಗಿರುವುದು, ಮುಂದುವರಿಸಬೇಕೋ ಬೇಡವೋ ಎಂದು ಅವರನ್ನೇ ಕೇಳುವುದು, ಮರುದಿನ ಫೋನ್ ಮಾಡಿ ವಿಚಾರಿಸುವುದು. ಬದುಕೇ ಬೇಡ ಎಂಬ ಮಾತು ಬಂದರೆ ಸಂದರ್ಶನ ಅಲ್ಲಿಗೇ ಮುಗಿಯಬೇಕು. ಅವರನ್ನು ಒಂಟಿಯಾಗಿ ಬಿಡದೆ, ಮೊದಲೇ ಲಿಖಿತವಾಗಿ ಒಪ್ಪಿಕೊಂಡಿರುವ ಆಪ್ತಸಮಾಲೋಚಕರನ್ನು ಅಂದೇ ಸಂಪರ್ಕಿಸಬೇಕು. ಮಾಹಿತಿ ಪತ್ರದಲ್ಲಿ ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ಕೂಡ ಇರಲಿ.

ಗುಟ್ಟು ಎಲ್ಲಿಯವರೆಗೆ?

"ಹೆಸರು ತೆಗೆದುಹಾಕುತ್ತೇವೆ" ಎಂದರೆ ಸಾಲುವುದಿಲ್ಲ. ಚಿಕ್ಕ ಊರಿನಲ್ಲಿ "ಅಪಘಾತದಲ್ಲಿ ಹೋದ ಹುಡುಗನ ತಾಯಿ, ಶಾಲೆಯ ಟೀಚರ್" ಎಂದರೆ ಹೆಸರು ಬೇಕಿಲ್ಲ, ಎಲ್ಲರಿಗೂ ಗೊತ್ತಾಗುತ್ತದೆ. ಹಾಗಾಗಿ ವರದಿಯಲ್ಲಿ ಯಾವ ವಿವರ ಬದಲಿಸುತ್ತೇವೆ ಎಂದೂ ಹೇಳಬೇಕು. ಇನ್ನೊಂದು ಕಷ್ಟದ ಪ್ರಶ್ನೆ: ಮಾತಿನ ನಡುವೆ "ಆ ರಾತ್ರಿ ಕರೆದರೂ ಯಾರೂ ಬರಲಿಲ್ಲ" ಎಂಬ ದೂರು ಬಂದರೆ? ಅದನ್ನು ಯಾರಿಗೆ, ಯಾವಾಗ ತಿಳಿಸಬೇಕಾಗುತ್ತದೆ ಎಂಬುದನ್ನು ಒಪ್ಪಿಗೆ ಪಡೆಯುವ ಮೊದಲೇ ಮನೆಯವರಿಗೆ ಹೇಳಬೇಕು. ಎಲ್ಲವೂ ಗುಟ್ಟು ಎಂದು ಮಾತು ಕೊಟ್ಟು ಆಮೇಲೆ ಮುರಿಯುವಂತಿಲ್ಲ.

ಕಮಿಟಿಯ ಅನುಮತಿ ಕೈಗೆ ಬರುವ ಮುನ್ನ ಒಂದೇ ಒಂದು ಸಂದರ್ಶನವನ್ನೂ ಮಾಡಬಾರದು.

ನಿಮಗೇ ಇಂಥ ಪತ್ರ ಬಂದರೆ?

ನೀವು ಯಾವ ಕಾರಣವನ್ನೂ ಕೊಡದೆ 'ಬೇಡ' ಎನ್ನಬಹುದು. ಒಪ್ಪಿಕೊಂಡ ಮೇಲೂ ನಡುವೆ ನಿಲ್ಲಿಸಬಹುದು. ಮಾಹಿತಿ ಪತ್ರದಲ್ಲಿ ಎಥಿಕ್ಸ್ ಕಮಿಟಿಯನ್ನು ಸಂಪರ್ಕಿಸುವ ವಿವರ ಇದೆಯೇ ನೋಡಿ. ಇಲ್ಲದಿದ್ದರೆ, ಅದನ್ನು ಕೇಳಿ ಪಡೆಯುವವರೆಗೆ ಸಹಿ ಹಾಕಬೇಡಿ.